ಅಮ್ಮ ಕೊಟ್ಟ ಅಧಿಕಾರ ಎಷ್ಟು, ಇಂಗ್ಲಿಷಲ್ಲಿ ಹೋಗಿದ್ದು ಎಷ್ಟು? ಪವರ್ ಆಫ್ ಅಟಾರ್ನಿ ಅನುವಾದದ ಬಗ್ಗೆ ಒಂದು ಮಾತು

(ಪತ್ರ ಬರಹಗಾರರು, ಜೂನಿಯರ್ ವಕೀಲರು, ಅನುವಾದ ಮಾಡೋರು ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದು. ಬರೆದು ಕೊಡಿ ಅಂತ ತುಂಬ ಜನ ಕೇಳಿದ್ರು. ಮಾತಲ್ಲಿ ಹೇಗೆ ಬಂತೋ ಹೆಚ್ಚುಕಮ್ಮಿ ಹಾಗೇ ಇಟ್ಟಿದೀನಿ, ಮಧ್ಯೆ ಬಂದ ಪ್ರಶ್ನೆಗಳೂ ಇವೆ.)

ಎಲ್ರಿಗೂ ನಮಸ್ಕಾರ. ಪವರ್ ಆಫ್ ಅಟಾರ್ನಿ ಅಂದ ತಕ್ಷಣ ನಮ್ಮ ಕಡೆ ಎಲ್ರಿಗೂ ನೆನಪಾಗೋದು ಸೈಟು, ಜಿಪಿಎ ಸೇಲು, ಸಬ್‌ರಿಜಿಸ್ಟ್ರಾರ್ ಆಫೀಸು. 2011ರಲ್ಲಿ ಸೂರಜ್ ಲ್ಯಾಂಪ್ ಕೇಸಲ್ಲಿ ಸುಪ್ರೀಂ ಕೋರ್ಟು ಜಿಪಿಎ ಮೇಲೆ ಆಸ್ತಿ ಕೈ ಬದಲಾಗಲ್ಲ ಅಂತ ಹೇಳಿದ್ಮೇಲೆ ಆ ಕಥೆ ಬಗ್ಗೆ ಬೇಕಾದಷ್ಟು ಮಾತಾಗಿದೆ, ಇವತ್ತು ಅದು ಬೇಡ. ನಾನು ಹೇಳೋಕೆ ಹೊರಟಿರೋದು ಬೇರೆ ಥರದ್ದು, ಅಧಿಕಾರ ಕೊಡೋರು ಇಲ್ಲಿ ಕನ್ನಡದಲ್ಲಿ ಬರೆಸ್ತಾರೆ, ಅದನ್ನ ಉಪಯೋಗಿಸೋದು ಹೊರದೇಶದಲ್ಲಿ, ಓದೋದು ಅಲ್ಲಿನ ಬ್ಯಾಂಕು, ಅಲ್ಲಿನ ಸಾಲಿಸಿಟರು, ಅವರಿಗೆ ಕಾಣೋದು ನಾವು ಮಾಡಿಕೊಟ್ಟ ಇಂಗ್ಲಿಷ್ ಮಾತ್ರ.

ಒಂದು ಕುಟುಂಬ ಅಂದ್ಕೊಳ್ಳಿ. ಉದಾಹರಣೆಗೆ ಕಟ್ಟಿಕೊಂಡಿದ್ದು ಇದು, ಯಾರ ಮನೆಯದೂ ಅಲ್ಲ, ಆದ್ರೆ ಇದರ ಒಂದೊಂದು ತುಂಡೂ ನಿಮ್ಮ ಮೇಜಿನ ಮೇಲೆ ಬಂದೇ ಬರುತ್ತೆ. ಅಪ್ಪ ಇಂಗ್ಲೆಂಡಿನ ಲೆಸ್ಟರ್‌ಗೆ ಹೋಗಿ ದಿನಸಿ ಅಂಗಡಿ ಹಾಕಿದ್ರು, ಆಮೇಲೆ ಅದನ್ನ ಲಿಮಿಟೆಡ್ ಕಂಪನಿ ಮಾಡಿದ್ರು, ಈಗ ಅಪ್ಪ ಇಲ್ಲ. ನೂರು ಷೇರಲ್ಲಿ ನಲವತ್ತು ಅಮ್ಮನ ಹೆಸರಲ್ಲಿ, ಮೂವತ್ತು ಮೂವತ್ತು ಇಬ್ಬರು ಮಕ್ಕಳ ಹೆಸರಲ್ಲಿ. ಮೂರೂ ಜನ ಡೈರೆಕ್ಟರು. ಅಮ್ಮ ಈಗ ಸಾಗರದಲ್ಲಿ ಇದಾರೆ, ಮಂಡಿ ಆಪರೇಷನ್ ಆಗಬೇಕು, ಓಡಾಡೋ ಹಾಗಿಲ್ಲ. ದೊಡ್ಡವನು ಫೋನ್ ಮಾಡಿ "ಅಮ್ಮ, ಅಲ್ಲೇ ಒಂದು ಪವರ್ ಬರೆಸಿ ಕಳ್ಸು, ಇಲ್ಲಿ ಎಲ್ಲಾದಕ್ಕೂ ನಿನ್ ಸಹಿ ಕೇಳ್ತಾರೆ" ಅಂದ. ಅವರು ಪರಿಚಯದ ಬರಹಗಾರರ ಹತ್ರ ಹೋಗಿ ಕನ್ನಡದಲ್ಲಿ ಪತ್ರ ಬರೆಸಿದ್ರು. ಪತ್ರದ ಒಳಗಿನ ಮುಖ್ಯ ವಾಕ್ಯ ಹೀಗಿದೆ:

"ನನಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕಾಗಿದ್ದು, ಸದರಿ ಚಿಕಿತ್ಸೆ ಮುಗಿದು ನಾನು ಪ್ರಯಾಣ ಮಾಡುವಂತಾಗುವವರೆಗೆ ಖುದ್ದು ಹಾಜರಾಗಲು ಸಾಧ್ಯವಿಲ್ಲದ ಪ್ರಯುಕ್ತ, ನನ್ನ ಇಬ್ಬರು ಮಕ್ಕಳನ್ನು ನನ್ನ ಮುಖ್ತಿಯಾರರನ್ನಾಗಿ ನೇಮಿಸಿರುತ್ತೇನೆ. ಸದರಿಯವರು ಕಂಪನಿಯ ವ್ಯಾಪಾರಕ್ಕೆ ಸಂಬಂಧಪಟ್ಟ ಹಣಕಾಸಿನ ವ್ಯವಹಾರ ವಗೈರೆಗಳನ್ನು ನನ್ನ ಪರವಾಗಿ ನಡೆಸಿಕೊಂಡು ಹೋಗತಕ್ಕದ್ದು. ಸದರಿಯವರು ಮಾಡುವ ಸಕಲ ಕೆಲಸ ಕಾರ್ಯಗಳನ್ನು ನಾನೇ ಖುದ್ದು ಮಾಡಿದಂತೆ ಒಪ್ಪಿಕೊಳ್ಳುತ್ತೇನೆ."

ನಮ್ಮಲ್ಲಿ ದಿನಾ ಬರೆಯೋ ಭಾಷೆನೇ. ಇದು ಅನುವಾದಕ್ಕೆ ಬಂತು. ಅನುವಾದಕರು ಒಳ್ಳೇ ಮನಸ್ಸಿಂದ ಏನ್ ಮಾಡ್ತಾರೆ ಅಂದ್ರೆ, ಮಂಡಿ ನೋವಿನ ವಿಷಯ ಲಂಡನ್ ಬ್ಯಾಂಕಿಗೆ ಯಾಕೆ ಅಂತ ಅದನ್ನ ಚಿಕ್ಕದು ಮಾಡಿ "ಡ್ಯೂ ಟು ಹೆಲ್ತ್ ರೀಸನ್ಸ್" ಅಂತ ಹಾಕ್ತಾರೆ, ಇಬ್ಬರು ಮಕ್ಕಳು ಅಂದಲ್ಲಿ ಕೈ ತಾನಾಗೇ "ಜಾಯಿಂಟ್ಲಿ ಅಂಡ್ ಸೆವರಲಿ" ಅಂತ ಟೈಪ್ ಮಾಡುತ್ತೆ, ಹಣಕಾಸಿನ ವ್ಯವಹಾರ ವಗೈರೆ ಅಂದಲ್ಲಿ "ಆಲ್ ಫೈನಾನ್ಶಿಯಲ್ ಮ್ಯಾಟರ್ಸ್ ಇನ್‌ಕ್ಲೂಡಿಂಗ್ ಬಾರೋಯಿಂಗ್ ಅಂಡ್ ಗಿವಿಂಗ್ ಸೆಕ್ಯುರಿಟಿ" ಅಂತ ಬಿಡಿಸಿ ಬರೀತಾರೆ. ಇಂಗ್ಲಿಷ್ ಓದೋಕೆ ಚೆನ್ನಾಗೇ ಇರುತ್ತೆ, ವಕೀಲರ ಡ್ರಾಫ್ಟ್ ಥರಾನೇ ಕಾಣುತ್ತೆ. ಆದ್ರೆ ಮೂರು ಜಾಗದಲ್ಲಿ ಅಮ್ಮ ಕೊಡದೇ ಇದ್ದ ಅಧಿಕಾರ ಹುಟ್ಟಿಕೊಂಡಿದೆ. ಒಂದೊಂದಾಗಿ ನೋಡೋಣ.

ಮೊದಲು ಸಾಲದ ವಿಷಯ, ಜಗಳ ಹತ್ತೋದು ಹೆಚ್ಚಾಗಿ ಇಲ್ಲೇ. ಪವರ್ ಆಫ್ ಅಟಾರ್ನಿನ ಕೋರ್ಟುಗಳು ಬಿಗಿಯಾಗಿ ಓದ್ತವೆ, ಕೊಟ್ಟಿದ್ದು ಅಂತ ಸ್ಪಷ್ಟವಾಗಿ ಇದ್ದರೆ ಉಂಟು, ಇಲ್ಲ ಅಂದ್ರೆ ಇಲ್ಲ. ಇಂಗ್ಲೆಂಡಲ್ಲಿ ಇದಕ್ಕೆ ಜೇಕಬ್ಸ್ ವರ್ಸಸ್ ಮಾರಿಸ್ ಅಂತ 1902ರ ಹಳೇ ಕೇಸ್ ಇದೆ. ಆಸ್ಟ್ರೇಲಿಯಾದಲ್ಲಿ ವ್ಯಾಪಾರ ಇದ್ದವರೊಬ್ಬರು ಇಂಗ್ಲೆಂಡಲ್ಲಿ ಸರಕು ಕೊಳ್ಳೋಕೆ, ಆ ವ್ಯಾಪಾರಕ್ಕೆ ಬೇಕಾದ ಬಿಲ್ಲುಗಳಿಗೆ ಸಹಿ ಹಾಕೋಕೆ ಅಂತ ಏಜೆಂಟ್‌ಗೆ ಪವರ್ ಕೊಟ್ಟಿದ್ರು. ಏಜೆಂಟ್ ಆ ಪವರ್ ತೋರಿಸಿ ಸಾಲ ಎತ್ತಿ ತನ್ನ ಕೆಲಸಕ್ಕೆ ಬಳಸ್ಕೊಂಡ. ಸಾಲ ಕೊಟ್ಟವರು ಪತ್ರನ ಓದಿಯೇ ಇರ್ಲಿಲ್ಲ, ಅವನ ಬಾಯಿಮಾತು ನಂಬಿದ್ರು. ಕೋರ್ಟು ಹೇಳಿದ್ದು, ಸರಕು ಕೊಳ್ಳೋ ಅಧಿಕಾರದ ಒಳಗೆ ಸಾಲ ಎತ್ತೋ ಅಧಿಕಾರ ಅಡಗಿ ಕೂತಿಲ್ಲ, ಪತ್ರ ಓದಿದ್ರೆ ಅದು ನಿಮಗೇ ಗೊತ್ತಾಗ್ತಿತ್ತು, ಓದ್ಲಿಲ್ಲ ಅನ್ನೋದು ನಿಮ್ಮ ತಲೆನೋವು. ಯಜಮಾನರ ಮೇಲೆ ಹೊಣೆ ಬರ್ಲಿಲ್ಲ.

ನಮ್ಮ ಕಾನೂನೂ ಇದೇ ದಾರಿ. ನಮ್ಮಲ್ಲಿ 1872ರ ಕಾಂಟ್ರಾಕ್ಟ್ ಆ್ಯಕ್ಟ್‌ನ 188ನೇ ಸೆಕ್ಷನ್ ಇದೆ, ವ್ಯಾಪಾರ ನಡೆಸೋ ಅಧಿಕಾರ ಕೊಟ್ರೆ ಆ ವ್ಯಾಪಾರಕ್ಕೆ ಅಗತ್ಯವಾದ, ಅಂಥ ವ್ಯಾಪಾರದಲ್ಲಿ ಸಾಮಾನ್ಯವಾಗಿ ಮಾಡೋ ಕೆಲಸಗಳೂ ಅದರೊಳಗೆ ಬರ್ತವೆ ಅಂತ. ಕೆಲವರು ಇದನ್ನೇ ಹಿಡ್ಕೊಂಡು ಎಲ್ಲಾ ಬರುತ್ತೆ ಅಂತಾರೆ. ಆದ್ರೆ ಅಂಗಡಿಗೆ ಅಕ್ಕಿ ಬೇಳೆ ಸಾಲದ ಮೇಲೆ ತರಿಸೋದು ಬೇರೆ, ಅಮ್ಮನ ಹೆಸರಲ್ಲಿ ಪರ್ಸನಲ್ ಗ್ಯಾರಂಟಿ ಬರೆದುಕೊಡೋದು ಬೇರೆ. 2012ರಲ್ಲಿ ಚರ್ಚ್ ಆಫ್ ಕ್ರೈಸ್ಟ್ ಚಾರಿಟಬಲ್ ಟ್ರಸ್ಟ್ ಕೇಸಲ್ಲಿ ಸುಪ್ರೀಂ ಕೋರ್ಟು ಕೂಡ ಪವರ್ ಆಫ್ ಅಟಾರ್ನಿನ ಬಿಗಿಯಾಗೇ ಓದಬೇಕು, ಮಾರೋ ಅಧಿಕಾರ ಬೇಕಾದ್ರೆ ಅದು ಪತ್ರದಲ್ಲಿ ನೇರವಾಗಿ ಇರಬೇಕು ಅಂತ ಹೇಳಿದೆ.

ಹಾಗಾಗಿ "ಹಣಕಾಸಿನ ವ್ಯವಹಾರ ವಗೈರೆ" ಅನ್ನೋದಕ್ಕೆ ಇಂಗ್ಲಿಷಲ್ಲೂ ಅಷ್ಟೇ ಮಸುಕಾದ ಮಾತೇ ಬರಬೇಕು, ಫೈನಾನ್ಶಿಯಲ್ ಡೀಲಿಂಗ್ಸ್ ಅಂಡ್ ದ ಲೈಕ್, ಅಷ್ಟು ಸಾಕು. ಓದಿದ ಬ್ಯಾಂಕಿನವರು ಇದು ಸಾಲಕ್ಕೆ ಸಾಲದು ಅಂತ ವಾಪಸ್ ಕಳಿಸ್ತಾರೆ, ಕಳಿಸಲಿ. ವಾಪಸ್ ಬಂದಾಗ ಮಗ ಅಮ್ಮನ್ನ ಕೇಳಬೇಕಾಗುತ್ತೆ, ಅಮ್ಮ ಯೋಚನೆ ಮಾಡ್ತಾರೆ, ಬೇಕಾದ್ರೆ ಇಷ್ಟು ಪೌಂಡಿನ ತನಕ, ಇಂಥ ಬ್ಯಾಂಕಲ್ಲಿ, ಇಂಥ ಉದ್ದೇಶಕ್ಕೆ ಅಂತ ಬರೆದು ಬೇರೆ ಪತ್ರ ಕೊಡ್ತಾರೆ. ಅನುವಾದಕರು ತುಂಬಿಸಿಬಿಟ್ರೆ ಆ ಪ್ರಶ್ನೆನೇ ಅಮ್ಮನ ತನಕ ಹೋಗಲ್ಲ.

ಇಲ್ಲಿ ಸಭೆಯಲ್ಲಿ ಒಬ್ರು ಕೇಳಿದ್ರು, "ಸಾರ್, ಕೊನೇಲಿ ಸಕಲ ಕೆಲಸ ಕಾರ್ಯ ಒಪ್ಪಿಕೊಳ್ತೀನಿ ಅಂತ ಬರೆದಿದಾರಲ್ಲ, ಆಗ ಸಾಲಾನೂ ಒಪ್ಪಿದ ಹಾಗೇ ಆಗಲ್ವಾ?" ಆಗಲ್ಲ. ಆ ಸಾಲು ಹೊಸ ಅಧಿಕಾರ ಕೊಡಲ್ಲ, ಮೇಲೆ ಕೊಟ್ಟ ಅಧಿಕಾರದ ಒಳಗೆ ಮಾಡಿದ್ದನ್ನ ಒಪ್ಪುತ್ತೆ ಅಷ್ಟೇ. 1932ರಲ್ಲಿ ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ ಮಿಡ್‌ಲ್ಯಾಂಡ್ ಬ್ಯಾಂಕ್ ವರ್ಸಸ್ ರೆಕಿಟ್ ಕೇಸಲ್ಲಿ ಇದನ್ನ ನೋಡಿತು, ಪವರ್ ಹಿಡಿದ ಸಾಲಿಸಿಟರು ಯಜಮಾನರ ಅಕೌಂಟಿನ ಮೇಲೆ ಚೆಕ್ ಬರೆದು ತನ್ನ ಸ್ವಂತ ಓವರ್‌ಡ್ರಾಫ್ಟ್ ತೀರಿಸ್ಕೊಂಡಿದ್ರು, ಬ್ಯಾಂಕು ಪತ್ರದಲ್ಲಿದ್ದ ಒಪ್ಪಿಗೆ ಸಾಲನ್ನ ತೋರಿಸ್ತು, ಲಾರ್ಡ್ಸ್ ಒಪ್ಪಲಿಲ್ಲ, ಬ್ಯಾಂಕೇ ದುಡ್ಡು ಕೊಡಬೇಕಾಯ್ತು.

ಎರಡನೇದು ಮಂಡಿ ಆಪರೇಷನ್. ನಮ್ಮ ಪತ್ರಗಳಲ್ಲಿ ಶುರುವಲ್ಲಿ ಕಾರಣ ಬರೆಯೋ ಭಾಗ ಇರುತ್ತಲ್ಲ, "ಪ್ರಯುಕ್ತ" ಅಂತ ಮುಗಿಯುತ್ತೆ, ಅದನ್ನ ಬರೀ ಪೀಠಿಕೆ ಅಂತ ಹಾರಿಸೋ ಅಭ್ಯಾಸ ಬಹಳ ಜನಕ್ಕಿದೆ, ನನಗೆ ಅದು ಕಂಡ್ರೆ ಆಗಲ್ಲ. ಡ್ಯಾನ್‌ಬಿ ವರ್ಸಸ್ ಕೂಟ್ಸ್ ಅಂತ 1885ರ ಇಂಗ್ಲೆಂಡಿನ ಕೇಸು. ಒಬ್ಬರು ವಿದೇಶಕ್ಕೆ ಹೋಗ್ತಿದ್ರು, ನಾನು ಇಲ್ಲದಿರುವಾಗ ನೋಡಿಕೊಳ್ಳೋಕೆ ಅಂತ ಶುರುವಲ್ಲಿ ಕಾರಣ ಬರೆದು ಇಬ್ಬರಿಗೆ ಪವರ್ ಕೊಟ್ರು. ಒಳಗಿನ ಅಧಿಕಾರದ ಭಾಗದಲ್ಲಿ ಕಾಲಮಿತಿ ಏನೂ ಇರ್ಲಿಲ್ಲ. ಆ ಪವರ್ ಬಳಸಿ ಎತ್ತಿದ ಸಾಲದ ಬಗ್ಗೆ ಜಗಳ ಬಂತು. ಕೋರ್ಟು ಪೀಠಿಕೆ ಓದಿ, ಈ ಅಧಿಕಾರ ಇದ್ದಿದ್ದು ಪವರ್ ಕೊಟ್ಟವರು ಹೊರಗಿದ್ದಷ್ಟು ಕಾಲ ಮಾತ್ರ ಅಂತ ತೀರ್ಮಾನ ಮಾಡ್ತು.

ಈಗ ನಮ್ಮ ಅಮ್ಮನ ಪತ್ರ ನೋಡಿ, "ಚಿಕಿತ್ಸೆ ಮುಗಿದು ನಾನು ಪ್ರಯಾಣ ಮಾಡುವಂತಾಗುವವರೆಗೆ". ಅದು ಕಾರಣ ಮಾತ್ರ ಅಲ್ಲ, ಬೇಲಿ. ಅನುವಾದದಲ್ಲಿ ಡ್ಯೂ ಟು ಹೆಲ್ತ್ ರೀಸನ್ಸ್ ಅಂತ ಆದ್ಮೇಲೆ ಬೇಲಿ ಹೋಯ್ತು, ಅಮ್ಮ ಎದ್ದು ಓಡಾಡಿ ಐದು ವರ್ಷ ಆದ್ಮೇಲೂ ಪತ್ರ ಜೀವಂತ ಇರೋ ಥರ ಕಾಣುತ್ತೆ. ಹಾಗಂತ ಕನ್ನಡ ಪತ್ರ ಚೆನ್ನಾಗಿದೆ ಅಂತ ನಾನು ಹೇಳ್ತಿಲ್ಲ, ಪ್ರಯಾಣ ಮಾಡುವಂತಾಗೋದು ಯಾವತ್ತು, ಡಾಕ್ಟರು ಹೇಳಿದ ದಿನವೋ ಟಿಕೆಟ್ ತಗೊಂಡ ದಿನವೋ ಯಾರು ಹೇಳ್ತಾರೆ? ಅಲ್ಲಿನ ಬ್ಯಾಂಕಿನ ಕೌಂಟರಲ್ಲಿ ಕೂತವರಿಗೆ ಅದನ್ನ ಪತ್ತೆ ಮಾಡೋ ದಾರಿ ಇಲ್ಲ, ಅವರು ಪತ್ರನೇ ಬೇಡ ಅಂತಾರೆ. ಬರೆಸೋವಾಗಲೇ ಒಂದು ತಾರೀಕು ಹಾಕಿಸೋದು ಎಲ್ಲರಿಗೂ ಕ್ಷೇಮ. ಆದ್ರೆ ಅದು ಬರೆಸೋರ ಕೆಲಸ, ಸಹಿ ಆದ್ಮೇಲೆ ಇಂಗ್ಲಿಷಲ್ಲಿ ಸರಿಮಾಡೋ ಕೆಲಸ ಅಲ್ಲ.

ಮೂರನೇದು ಇಬ್ಬರು ಮಕ್ಕಳು. ಇಬ್ಬರನ್ನ ನೇಮಿಸಿ ಒಬ್ಬೊಬ್ಬರೂ ಬೇರೆಬೇರೆಯಾಗಿ ಮಾಡಬಹುದು ಅಂತ ಹೇಳದೇ ಇದ್ರೆ ಸಾಮಾನ್ಯವಾಗಿ ಇಬ್ಬರೂ ಸೇರಿ ಸಹಿ ಹಾಕಬೇಕು ಅಂತಲೇ ಓದೋದು. ಜಾಯಿಂಟ್ಲಿ ಅಂಡ್ ಸೆವರಲಿ ಅಂದ ತಕ್ಷಣ ದೊಡ್ಡವನು ಒಬ್ಬನೇ ಹೋಗಿ ಕೆಲಸ ಮುಗಿಸಬಹುದು. ಅಮ್ಮನ ಮನಸ್ಸಲ್ಲಿ ಏನಿತ್ತೋ, ಇಬ್ಬರಿಗೂ ಕೊಟ್ಟಿದ್ದೇ ಒಬ್ಬರ ಮೇಲೆ ಒಬ್ಬರ ಕಣ್ಣಿರಲಿ ಅಂತ ಇದ್ದಿರಬಹುದು, ಅಥವಾ ಯಾರು ಸಿಕ್ಕಿದ್ರೆ ಅವರು ಮಾಡಲಿ ಅಂತ ಇದ್ದಿರಬಹುದು. ಕನ್ನಡ ಪತ್ರ ಸುಮ್ಮನಿದೆ. ಮೂಲ ಸುಮ್ಮನಿದ್ರೆ ಅನುವಾದವೂ ಸುಮ್ಮನಿರಬೇಕು, ಮಾಡೋರು ಕೆಳಗೆ ಅನುವಾದಕರ ಟಿಪ್ಪಣಿ ಅಂತ ಬರೆದು ಮೂಲದಲ್ಲಿ ಈ ಬಗ್ಗೆ ಏನೂ ಹೇಳಿಲ್ಲ ಅಂತ ತೋರಿಸಬಹುದು. ಸಹಿ ಇನ್ನೂ ಆಗಿಲ್ಲ ಅಂದ್ರೆ ಫೋನ್ ಎತ್ತಿ ಅಮ್ಮನ್ನೇ ಕೇಳೋದು ಎಲ್ಲಕ್ಕಿಂತ ಸಲೀಸು. ಮಗನ್ನ ಕೇಳಬೇಡಿ, ಅಧಿಕಾರ ಕೊಡ್ತಿರೋದು ಅವನಲ್ಲ, ಅನುವಾದದ ದುಡ್ಡು ಅವನೇ ಕಳಿಸಿದ್ರೂ ಸಹ.

ಇನ್ನೊಂದು ವಿಷಯ ಇದೆ, ಅನುವಾದಕ್ಕಿಂತ ಹಿಂದಿನದು. ಅಮ್ಮ "ನಮ್ಮ ಅಂಗಡಿ" ಅಂತಾರೆ, ಪತ್ರದಲ್ಲೂ ಕಂಪನಿಯ ವ್ಯಾಪಾರ ನನ್ನ ಪರವಾಗಿ ನಡೆಸೋದು ಅಂತಿದೆ. ಆದ್ರೆ ಲಿಮಿಟೆಡ್ ಕಂಪನಿ ಆದ್ಮೇಲೆ ಅಂಗಡಿ ಅಮ್ಮನದಲ್ಲ, ಕಂಪನಿದು. ಅಮ್ಮನದು ನಲವತ್ತು ಷೇರು ಮತ್ತು ಡೈರೆಕ್ಟರ್ ಸ್ಥಾನ. ತನ್ನ ಹತ್ರ ಇಲ್ಲದ ಅಧಿಕಾರನ ಇನ್ನೊಬ್ಬರಿಗೆ ಕೊಡೋಕಾಗಲ್ಲ. ಕಂಪನಿ ಪರವಾಗಿ ಸಹಿ ಹಾಕೋ ಅಧಿಕಾರ ಮಗನಿಗೆ ಬೇಕಾದ್ರೆ ಅದು ಕಂಪನಿ ಬೋರ್ಡಿಂದ ಬರಬೇಕು, ಅಮ್ಮನ ಪತ್ರದಿಂದಲ್ಲ.

ಷೇರುದಾರಳಾಗಿ ಅಮ್ಮ ಏನೇನು ಮಾಡಬಹುದೋ, ಡಿವಿಡೆಂಡ್ ತಗೊಳ್ಳೋದು, ಷೇರು ವರ್ಗಾವಣೆ ಫಾರಂಗೆ ಸಹಿ, ಅವನ್ನ ಪವರ್ ಮೂಲಕ ಕೊಡಬಹುದು, ಮೀಟಿಂಗಲ್ಲಿ ವೋಟು ಹಾಕೋಕೆ ಬ್ರಿಟಿಷ್ ಕಂಪನೀಸ್ ಆ್ಯಕ್ಟ್ 2006 ಪ್ರಕಾರ ಪ್ರಾಕ್ಸಿ ನೇಮಿಸೋ ಹಕ್ಕು ಹೇಗೂ ಇದೆ. ಡೈರೆಕ್ಟರ್ ಕುರ್ಚಿ ಹಾಗಲ್ಲ. ಅದು ಅವರನ್ನೇ ನಂಬಿ ಕೊಟ್ಟ ಸ್ಥಾನ, ನನ್ನ ಬದಲು ಮಗ ಬೋರ್ಡಲ್ಲಿ ಕೂರ್ತಾನೆ ಅಂತ ಪವರ್ ಬರೆದ್ರೆ ನಡೆಯಲ್ಲ. ಕಂಪನಿಯ ಒಳ ನಿಯಮಗಳಾದ ಆರ್ಟಿಕಲ್ಸಲ್ಲಿ ಆಲ್ಟರ್ನೇಟ್ ಡೈರೆಕ್ಟರ್ ನೇಮಿಸೋಕೆ ಅವಕಾಶ ಇಟ್ಟುಕೊಂಡಿದ್ರೆ ಆ ದಾರೀಲಿ ಹೋಗಬೇಕು, ಮತ್ತೆ ಅಲ್ಲಿ ಪ್ರೈವೇಟ್ ಕಂಪನಿಗಳಿಗೆ ಸರ್ಕಾರ ಕೊಟ್ಟಿರೋ ಮಾದರಿ ಆರ್ಟಿಕಲ್ಸಲ್ಲಿ ಅಂಥ ಅವಕಾಶ ಇಲ್ಲ, ಬೇಕಾದೋರು ತಾವೇ ಸೇರಿಸ್ಕೊಬೇಕು. ಹಾಗಾಗಿ ಕನ್ನಡ ಪತ್ರ ಬರೆಸೋವಾಗ "ಕಂಪನಿಯ ವ್ಯಾಪಾರ" ಅನ್ನೋ ಬದಲು "ಸದರಿ ಕಂಪನಿಯಲ್ಲಿ ನನ್ನ ಹೆಸರಿನಲ್ಲಿರುವ ನಲವತ್ತು ಷೇರುಗಳಿಗೆ ಸಂಬಂಧಪಟ್ಟಂತೆ" ಅಂತ ಬರೆದ್ರೆ ಅರ್ಧ ಗೊಂದಲ ಅಲ್ಲೇ ಮುಗಿಯುತ್ತೆ, ಷೇರು ಮಾರೋ ಅಧಿಕಾರ ಇದೆಯೋ ಇಲ್ವೋ ಅನ್ನೋದನ್ನೂ ಒಂದು ಸಾಲಲ್ಲಿ ಬರೆದುಬಿಡಿ. "ಮಾರಾಟ ಮಾಡುವ ಅಧಿಕಾರ ಇರುವುದಿಲ್ಲ" ಅಂತ ಇಲ್ಲ ಅನ್ನೋದನ್ನೂ ಬರೆಯೋದು ನನಗೆ ಇಷ್ಟ, ಜಗಳ ಬಂದಾಗ ಎಲ್ರೂ ಮೊದಲು ಓದೋದು ಆ ಸಾಲನ್ನೇ.

ಗ್ಯಾರಂಟಿ ಬಗ್ಗೆ ಇನ್ನೊಂದೇ ಮಾತು, ಭಾರತದಲ್ಲಿ ವಾಸ ಇರೋರು ಹೊರದೇಶದ ಕಂಪನಿ ಸಾಲಕ್ಕೆ ಗ್ಯಾರಂಟಿ ನಿಲ್ಲೋಕೆ ವಿದೇಶಿ ವಿನಿಮಯದ ಫೆಮಾ ಕಾನೂನಲ್ಲಿ ಬೇರೆ ನಿಯಮಗಳಿವೆ, ಅಮ್ಮ ಖುದ್ದು ಮಾಡೋಕಾಗದ್ದು ಮಗ ಅವರ ಪರವಾಗಿ ಮಾಡೋಕೂ ಆಗಲ್ಲ. ಅದನ್ನ ಸಿಎ ಹತ್ರ ಕೇಳಿ ಮುಂದೆ ಹೋಗಿ.

"ನನ್ನ ನಂತರವೂ ಈ ಪತ್ರ ಊರ್ಜಿತದಲ್ಲಿರತಕ್ಕದ್ದು" ಅಂತ ಬರೆಸೋರಿದಾರಲ್ಲ, ಅದರ ಬಗ್ಗೆಯೂ ಪ್ರಶ್ನೆ ಬಂತು. ಅಧಿಕಾರ ಕೊಟ್ಟವರು ತೀರಿಕೊಂಡ್ರೆ, ಬುದ್ಧಿ ಸ್ವಾಧೀನ ತಪ್ಪಿದ್ರೆ ಏಜೆನ್ಸಿ ಮುಗೀತು, ನಮ್ಮ ಕಾಂಟ್ರಾಕ್ಟ್ ಆ್ಯಕ್ಟ್ 201ನೇ ಸೆಕ್ಷನ್ ಅದನ್ನೇ ಹೇಳೋದು. ಮುಖ್ತಿಯಾರನಿಗೆ ಆ ಆಸ್ತಿಯಲ್ಲೇ ಸ್ವಂತ ಹಕ್ಕುಬಾಧ್ಯತೆ ಇದ್ರೆ ಮಾತ್ರ 202ನೇ ಸೆಕ್ಷನ್ನಿನ ವಿನಾಯ್ತಿ, ಮಗ ಅನ್ನೋ ಕಾರಣಕ್ಕೆ ಅದು ಸಿಗಲ್ಲ. ಇಂಗ್ಲೆಂಡಲ್ಲಿ ಬುದ್ಧಿ ಸ್ವಾಧೀನ ತಪ್ಪಿದ ಮೇಲೂ ನಡೆಯೋ ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ ಅಂತ ಒಂದಿದೆ, ಮೆಂಟಲ್ ಕೆಪಾಸಿಟಿ ಆ್ಯಕ್ಟ್ 2005ರದ್ದು, ಆದ್ರೆ ಅದಕ್ಕೆ ಅವರದೇ ಫಾರಂ, ಅಲ್ಲಿ ರಿಜಿಸ್ಟ್ರೇಷನ್ ಆಗಬೇಕು. ನಮ್ಮ ಸಾಗರದಲ್ಲಿ ಬರೆಸಿದ ಪತ್ರಕ್ಕೆ ಇಂಗ್ಲಿಷ್ ಶೀರ್ಷಿಕೆಯಲ್ಲಿ ಲಾಸ್ಟಿಂಗ್ ಅಂತ ಸೇರಿಸಿದ್ರೆ ಅದು ಆಗಿಬಿಡಲ್ಲ. ಡ್ಯೂರಬಲ್ ಅಂತಲೂ ಹಾಕಬೇಡಿ, ಅದು ಅಮೆರಿಕದವರ ಮಾತು. ಜನರಲ್ ಪವರ್ ಅಂದ್ರೆ ಜನರಲ್ ಪವರ್.

ಇನ್ನು ಕಾಗದದ ಕೆಲಸ, ಬೇಗ ಹೇಳ್ತೀನಿ. ಅಮ್ಮನಿಗೆ ಇಂಗ್ಲಿಷ್ ಬರಲ್ಲ ಅಂದ್ರೆ ನನಗೆ ಇಷ್ಟವಾದ ಕ್ರಮ ಅಂದ್ರೆ ಒಂದೇ ಪತ್ರ, ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷ್, ಪ್ಯಾರಾ ನಂಬರು ಎರಡಕ್ಕೂ ಒಂದೇ, ವ್ಯತ್ಯಾಸ ಕಂಡುಬಂದ್ರೆ ಕನ್ನಡವೇ ಅಂತಿಮ ಅಂತ ಎರಡೂ ಕಡೆ ಒಂದು ಪ್ಯಾರಾ. ಎದುರುಬದುರು ಇದ್ದಾಗ ಒಂದು ಕಡೆ ಎರಡು ಸಾಲು, ಇನ್ನೊಂದು ಕಡೆ ಆರು ಸಾಲು ಇದ್ರೆ ಕಣ್ಣಿಗೇ ಹೊಡೆಯುತ್ತೆ, ಏನೋ ತುಂಬಿಸಿದಾರೆ ಅಂತ ಯಾರು ಬೇಕಾದ್ರೂ ಹಿಡೀಬಹುದು. ಸಹಿಗೆ ಮುಂಚೆ ಕನ್ನಡ ಭಾಗನ ಜೋರಾಗಿ ಓದಿ ಹೇಳಬೇಕು, "ಓದಿಸಿ ಕೇಳಿ ಸರಿಯಿದೆ ಎಂದು ಒಪ್ಪಿ" ಅನ್ನೋ ಸಾಲು ಬರೀ ಅಲಂಕಾರ ಅಲ್ಲ, ನಿಜವಾಗ್ಲೂ ಓದಿ. ಹೊರಗಿನ ಬಳಕೆಗೆ ಹೋಗೋದ್ರಿಂದ ಇಬ್ಬರು ಸಾಕ್ಷಿ, ನೋಟರಿ, ಆಮೇಲೆ ರಾಜ್ಯದ ಮಟ್ಟದ ದೃಢೀಕರಣ, ಕೊನೆಗೆ ವಿದೇಶಾಂಗ ಸಚಿವಾಲಯದ ಅಪೊಸ್ಟಿಲ್. 1961ರ ಹೇಗ್ ಒಪ್ಪಂದ ನಮಗೆ 2005ರಿಂದ ಅನ್ವಯ ಆಗಿದೆ, ಬ್ರಿಟನ್ನೂ ಅದರಲ್ಲಿದೆ, ಹಾಗಾಗಿ ಅಪೊಸ್ಟಿಲ್ ಸಾಕು. ಯುಎಇ ಆ ಒಪ್ಪಂದಕ್ಕೆ ಸೇರಿರಲಿಲ್ಲ, ದುಬೈ ಕಡೆ ಕಳಿಸೋರಿಗೆ ಇದರ ಮೇಲೆ ರಾಯಭಾರ ಕಚೇರಿಯ ಹಂತ ಬೇರೆ ಇತ್ತು, ಅಲ್ಲಿ ಅರೇಬಿಕ್ ಕೂಡ ಕೇಳ್ತಾರೆ, ಕಳಿಸೋ ಮುಂಚೆ ಈಗಿನ ಕ್ರಮ ವಿಚಾರಿಸಿ. ಒಂದು ನೆನಪಿಡಿ, ಅಪೊಸ್ಟಿಲ್ ಹೇಳೋದು ಆ ನೋಟರಿಯ ಅಥವಾ ಅಧಿಕಾರಿಯ ಸಹಿ ಮೊಹರು ನಿಜ ಅಂತ ಮಾತ್ರ. ಒಳಗಿನ ಅನುವಾದ ಸರಿಯಿದೆ ಅಂತ ಅದು ಹೇಳಲ್ಲ. ಮೇಲೆ ಅಷ್ಟು ದೊಡ್ಡ ಸರ್ಟಿಫಿಕೇಟ್ ನೋಡಿ ಜನ ಹಾಗಂತ ನಂಬ್ಕೊಂಡುಬಿಡ್ತಾರೆ.

ಅನುವಾದ ಬೇರೆ ಕಾಗದದಲ್ಲಿ ಮಾಡೋದಾದ್ರೆ ಮೊಹರಿನ ಅಕ್ಷರ, ಸ್ಟಾಂಪಿನ ವಿವರ, ಎಡಗೈ ಹೆಬ್ಬೆಟ್ಟಿನ ಗುರುತು ಎಲ್ಲಿದೆ, ಕೆಳಗೆ ಬಿಕ್ಕಲಂ ಯಾರದು ಅಂದ್ರೆ ಪತ್ರ ಬರೆದವರು ಯಾರು, ಕೈಯಲ್ಲಿ ತಿದ್ದಿದ್ದು ಎಲ್ಲಿ, ಎಲ್ಲಾ ಇಂಗ್ಲಿಷಲ್ಲಿ ಬರಬೇಕು. ತಿದ್ದಿದ ಜಾಗ ಬಿಟ್ಟು ಕ್ಲೀನಾಗಿ ಟೈಪ್ ಮಾಡಿ ಕೊಟ್ರೆ ಮೂಲದಲ್ಲಿ ಹೊಡೆದುಹಾಕಿದ ಅಧಿಕಾರ ಯಾವುದು ಅಂತ ಅಲ್ಲಿ ಕೂತವರಿಗೆ ಗೊತ್ತಾಗಲ್ಲ.

ಉಲ್ಟಾ ದಿಕ್ಕಲ್ಲಿ, ಅಂದ್ರೆ ಮಗ ಲೆಸ್ಟರಲ್ಲಿ ಇಂಗ್ಲಿಷಲ್ಲಿ ಬರೆದು ಇಲ್ಲಿನ ಜಮೀನಿಗೆ ಅಂತ ಚಿಕ್ಕಪ್ಪನಿಗೆ ಕಳಿಸಿದ್ರೆ, ರಿಜಿಸ್ಟ್ರೇಷನ್ ಆ್ಯಕ್ಟ್ 33ನೇ ಸೆಕ್ಷನ್ ಪ್ರಕಾರ ಅಲ್ಲಿನ ನೋಟರಿ ಅಥವಾ ನಮ್ಮ ಹೈಕಮಿಷನ್ ಮುಂದೆ ಸಹಿ ಆಗಿರಬೇಕು, ಇಲ್ಲಿಗೆ ಬಂದು ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಬೇಕು. ಬಂದ ಕವರನ್ನ ಎಸೀಬೇಡಿ, ಯಾವತ್ತು ಬಂತು ಅನ್ನೋಕೆ ಅದೇ ಪುರಾವೆ. ಇಲ್ಲೂ ಕನ್ನಡ ಮಾಡೋವಾಗ ಅದೇ ಎಚ್ಚರಿಕೆ, ಇಂಗ್ಲಿಷಲ್ಲಿ ಲೀಸ್ ಅಂತ ಮಾತ್ರ ಇದ್ರೆ ನಮ್ಮ ಕೈ ಅಭ್ಯಾಸದಂತೆ "ಗುತ್ತಿಗೆ, ಭೋಗ್ಯ, ಆಧಾರ, ಪರಭಾರೆ" ಅಂತ ನಾಲ್ಕನ್ನೂ ಸಾಲಾಗಿ ಬರೆದುಬಿಡ್ತೀವಿ. ಪರಭಾರೆ ಅನ್ನೋದರ ಒಳಗೆ ಕ್ರಯನೂ ಬರುತ್ತೆ, ದಾನನೂ ಬರುತ್ತೆ.

ಕೊನೇ ಪ್ರಶ್ನೆ ಒಬ್ಬ ಅಕ್ಕ ಕೇಳಿದ್ದು, ರದ್ದು ಮಾಡೋದು ಹೇಗೆ ಅಂತ. ರದ್ದು ಪತ್ರ ಬರೆಯೋದು ಸುಲಭ, ಅದು ತಲುಪಬೇಕಾದವರಿಗೆ ತಲುಪಿಸೋದೇ ಕೆಲಸ. ನಮ್ಮ ಕಾಂಟ್ರಾಕ್ಟ್ ಆ್ಯಕ್ಟ್ 208ನೇ ಸೆಕ್ಷನ್ ಪ್ರಕಾರ ಮುಖ್ತಿಯಾರನಿಗೆ ರದ್ದಾಗಿದ್ದು ಗೊತ್ತಾದಾಗ ಅವನ ಮಟ್ಟಿಗೆ, ಮೂರನೆಯವರಿಗೆ ಗೊತ್ತಾದಾಗ ಅವರ ಮಟ್ಟಿಗೆ ಅದು ಜಾರಿ. ಇಂಗ್ಲೆಂಡಿನ ಪವರ್ಸ್ ಆಫ್ ಅಟಾರ್ನಿ ಆ್ಯಕ್ಟ್ 1971 ಕೂಡ ರದ್ದಾಗಿದ್ದು ಗೊತ್ತಿಲ್ಲದೆ ವ್ಯವಹಾರ ಮಾಡಿದವರನ್ನ ಕಾಪಾಡುತ್ತೆ. ಅದೇ ಕಾನೂನಿನ ಮೂರನೇ ಸೆಕ್ಷನ್ನಲ್ಲಿ, ಸಾಲಿಸಿಟರು ಇದು ಮೂಲದ ನಿಜ ಪ್ರತಿ ಅಂತ ಪುಟಪುಟಕ್ಕೂ ದೃಢೀಕರಿಸಿ ಕೊಟ್ಟ ಜೆರಾಕ್ಸ್ ಕೂಡ ಪತ್ರದಲ್ಲಿ ಏನಿದೆ ಅನ್ನೋಕೆ ಸಾಕ್ಷಿ ಆಗುತ್ತೆ. ಅಂದ್ರೆ ಒರಿಜಿನಲ್ ವಾಪಸ್ ತರಿಸಿ ಗಾಡ್ರೆಜಲ್ಲಿ ಇಟ್ಟುಕೊಂಡ ಮಾತ್ರಕ್ಕೆ ಅಲ್ಲಿ ಓಡಾಡ್ತಿರೋ ಪ್ರತಿಗಳು ಸುಮ್ಮನಾಗಲ್ಲ. ಹಾಗಾಗಿ ಪತ್ರ ಕಳಿಸೋ ದಿನದಿಂದಲೇ ಯಾವ ಬ್ಯಾಂಕಿಗೆ, ಯಾವ ಅಕೌಂಟೆಂಟಿಗೆ, ಯಾವ ಸಾಲಿಸಿಟರಿಗೆ ಪ್ರತಿ ಹೋಯ್ತು ಅಂತ ಮಗನ ಹತ್ರ ಕೇಳಿ ಒಂದು ಪಟ್ಟಿ ಇಟ್ಕೊಂಡಿರಿ, ರದ್ದು ಮಾಡೋ ದಿನ ಅದೇ ಪಟ್ಟಿ ಹಿಡಿದು ಒಬ್ಬೊಬ್ಬರಿಗೂ ಮೂಲ ಪತ್ರದ ತಾರೀಕು, ನೋಟರಿ ನಂಬರು, ಅಪೊಸ್ಟಿಲ್ ನಂಬರು ಹಾಕಿ ಇಂಗ್ಲಿಷಲ್ಲೇ ಒಂದೊಂದು ಕಾಗದ ಕಳಿಸಿ, ಇಮೇಲಲ್ಲಿ ಕಳಿಸಿದ್ರೆ ಬಂತು ಅಂತ ಉತ್ತರ ಬರೋ ತನಕ ಬಿಡಬೇಡಿ.